ವಾರದ ಕಾಯಿಪಲ್ಲೆ ಬುಟ್ಟಿ: 40 ಮನಿ ಅದಾವ, 80 ಮಾಡ್ಬೇಕಂದ್ರ ಬಿತ್ತೋದು ಹೆಂಗ?

ಮಸಾರಿ_ಹುಡುಗ (ಕೊಪ್ಪಳ)

ಎಲ್ಲಾರಿಗೂ ನಮಸ್ಕಾರ್ರೀ. ಕೊಪ್ಪಳದಿಂದ ಮುನಿರಾಬಾದ್ ಕಡಿ ಹೋಗೋ ದಾರ್ಯಾಗ ನಮ್ಮದು ಒಂದೂವರಿ ಎಕರೆ ಮಸಾರಿ ಹೊಲ ಐತಿ. ಬೋರ್ ಐತಿ, ಡ್ರಿಪ್ ಹಾಕೀವಿ. ಹೋದ ಚಳಿಗಾಲದಿಂದ ಕೊಪ್ಪಳ ಮತ್ತ ಭಾಗ್ಯನಗರದ 40 ಮನಿಗೆ ಪ್ರತಿ ಶನಿವಾರ ಕಾಯಿಪಲ್ಲೆ ಬುಟ್ಟಿ ಕೊಡಾಕತ್ತೀನಿ. ಒಂದು ಬುಟ್ಟಿಗೆ 250 ರೂಪಾಯಿ, ನಾಲ್ಕು ವಾರದ ರೊಕ್ಕ ಮುಂಗಡ. ಬುಟ್ಟ್ಯಾಗ ಎರಡು ಕಟ್ಟು ತಪ್ಪಲ ಪಲ್ಲೆ, ಅರ್ಧರ್ಧ ಕಿಲೋ ಮೂರು ತರದ ಕಾಯಿ, ಒಂದು ಕಿಲೋ ಟಮಾಟಿ, ಒಂದು ಕಿಲೋ ಉಳ್ಳಾಗಡ್ಡಿ, ಸ್ವಲ್ಪ ಹಸಿಮೆಣಸಿನಕಾಯಿ, ಕೊತ್ತಂಬರಿ.

ತೊಂದ್ರಿ ಏನಂದ್ರ, ಒಂದು ವಾರ ಮೆಂತೆ ಇಷ್ಟು ಬರ್ತೈತಿ, ದನಕ್ಕ ಹಾಕಬೇಕಾಗ್ತೈತಿ. ಮುಂದಿನ ವಾರ ಒಂದು ಕಟ್ಟೂ ಇರಂಗಿಲ್ಲ, ನಸುಕಿನ್ಯಾಗ ಮಾರ್ಕೆಟ್ಟಿಗೆ ಓಡಬೇಕು. ಬೆಂಡಿಕಾಯಿ ಅಂತೂ ಕೇಳಬ್ಯಾಡ್ರಿ. ಇಷ್ಟಾದ್ರೂ ಇನ್ನ 40 ಮನಿಯವರು ನಮಗೂ ಕೊಡ್ರಿ ಅಂತ ಕೂತಾರ. ದೀಪಾವಳಿಯಿಂದ 80 ಮಾಡೋಣು ಅಂತ ವಿಚಾರ. ಹೊಲ ಸಾಲ್ತೈತಿ, ನನಗ ಬೇಕಾಗಿರೋದು ಬಿತ್ತೋ ಲೆಕ್ಕ. ಇದನ್ನ ಮಾಡಿದವರು ಯಾರಾದ್ರೂ ಇದ್ರ ಹೇಳ್ರಿ.

ಗುಡ್ಡದ_ಗಾಳಿ

ಬಾಕ್ಸ್ ಬೇಕಂದ್ರ ಹೊಸಪೇಟ್ಯಾಗ ರಟ್ಟಿನ ಡಬ್ಬಿ ಮಾಡಿಕೊಡೋರು ಅದಾರ. ನೂರು ತಗೊಂಡ್ರ ಕಡಿಮಿ ಬೀಳ್ತೈತಿ. ಸೈಜ್ ಹೇಳ್ರಿ, ವಿಚಾರಿಸಿ ಹೇಳ್ತೀನಿ.

ಮಸಾರಿ_ಹುಡುಗ

ಅಣ್ಣಾ, ಡಬ್ಬಿ ಅಲ್ಲ, ಡಬ್ಬ್ಯಾಗ ಏನ್ ಹಾಕಬೇಕು ಅನ್ನೋದು ಚಿಂತಿ 😄 ಪ್ಲಾಸ್ಟಿಕ್ ಕ್ರೇಟ್ ಅದಾವ. ಈ ವಾರ ಕೊಟ್ಟಿದ್ದನ್ನ ಮುಂದಿನ ವಾರ ವಾಪಸ್ ತಗೊಂತೀನಿ.

ಗುಡ್ಡದ_ಗಾಳಿ

ಹಂಗಾದ್ರ ಮನಿಗೆ ಎರಡರಂಗ ಕ್ರೇಟ್ ಇಡ್ರಿ. ನಮ್ಮ ಹಾಲಿನ ಡೇರಿ ಕ್ಯಾನ್ ಕಥಿನೂ ಇದ. ಒಂದು ಅವರ ಮನ್ಯಾಗ, ಒಂದು ನಿಮ್ಮ ಹೊಲದಾಗ. ಇಲ್ಲಂದ್ರ ಕ್ರೇಟ್ ವಾಪಸ್ ಬರೂತನ ಮಾಲು ತುಂಬಾಕ ಆಗಂಗಿಲ್ಲ.

ಲೆಕ್ಕದ_ಪುಸ್ತಕ (ಬಳ್ಳಾರಿ)

ಇದು ಸರಳ ಸರ್. ನಿಮ್ಮ ಬೇಡಿಕೆ ಮೊದಲೇ ಗೊತ್ತಿದೆ, ಅದೇ ಈ ವ್ಯವಹಾರದ ದೊಡ್ಡ ಲಾಭ. 80 ಮನೆಗೆ ಎರಡೆರಡು ಕಟ್ಟು ಅಂದರೆ ವಾರಕ್ಕೆ 160 ಕಟ್ಟು. ಒಂದು ಕಟ್ಟಿಗೆ ಎಷ್ಟು ಜಾಗ ಬೇಕೋ ಲೆಕ್ಕ ಹಾಕಿ, ಪ್ರತಿ ಭಾನುವಾರ ಅಷ್ಟೇ ಜಾಗದಲ್ಲಿ ಬಿತ್ತಿ. ವಾರಕ್ಕೊಮ್ಮೆ ಬಿತ್ತಿದರೆ ವಾರಕ್ಕೊಮ್ಮೆ ಬರುತ್ತದೆ. ಮೂರು ತಿಂಗಳ ಮುಂಗಡ ತೆಗೆದುಕೊಂಡರೆ ಗಿರಾಕಿ ಬಿಟ್ಟು ಹೋಗುವ ಭಯವೂ ಇಲ್ಲ.

ಪಲ್ಲೆ_ಅಕ್ಕ (ಕುರುಗೋಡು)

ಲೆಕ್ಕದ ಪುಸ್ತಕದವರ ಮಾತು ಅರ್ಧ ಖರೆ. ವಾರಕ್ಕೊಮ್ಮೆ ಬಿತ್ತಬೇಕು, ಹೌದು. ಆದ್ರ ವಾರಕ್ಕೊಮ್ಮೆ ಬಿತ್ತಿದ್ದು ವಾರಕ್ಕೊಮ್ಮೆ ಬರಂಗಿಲ್ಲ. ಮಳಿಗಾಲದಾಗ ಮೆಂತೆ 25 ದಿನಕ್ಕ ಕೀಳಾಕ ಬಂದ್ರ ಚಳ್ಯಾಗ 35 ಆಗ್ತೈತಿ. ಜನವರ್ಯಾಗ ಒಂದು ವಾರದ ಅಂತರದಾಗ ಬಿತ್ತಿದ ಎರಡು ಮಡಿ, ಫೆಬ್ರವರ್ಯಾಗ ಬಿಸಲು ಏರಿದ ಕೂಡ್ಲೆ ಎರಡೂ ಒಂದ ಸಲ ಕೀಳಾಕ ಬರ್ತಾವ. ತಮ್ಮಾ, ನೀನು ದನಕ್ಕ ಹಾಕಿದ ಮೆಂತೆ ಇದ ಇರಬೇಕು ನೋಡು.

ನಾ ಬಳ್ಳಾರಿಗೆ ಬುಟ್ಟಿ ಕೊಡಾಕತ್ತು ಭಾಳ ದಿನ ಆತು. ನಿನ್ನ ಲೆಕ್ಕ ಮಾಡೋಣ. 80 ಈಗ ಬ್ಯಾಡ, 40ರದ್ದ ಮೊದಲು ನೆಟ್ಟಗ ಮಾಡು.

ಮೆಂತೆ ತಗೋ. 40 ಕಟ್ಟು, ಒಂದೊಂದು ಕಾಲು ಕಿಲೋ ಅಂದ್ರ ವಾರಕ್ಕ 10 ಕಿಲೋ. ಒಂದು ಗುಂಟೆ ಜಾಗ ತಗೊಂಡು ಆರು ಮಡಿ ಮಾಡು. 33 ಅಡಿ ಉದ್ದ, ಕಾಲ್ದಾರಿ ಸೇರಿ ಐದೂವರಿ ಅಡಿ ಅಗಲ. ಪ್ರತಿ ವಾರ ಒಂದ ಮಡಿ ಬಿತ್ತು. ನಾಲ್ಕು ಬೆಳ್ಯಾಕತ್ತಿರ್ತಾವ, ಒಂದು ಕೀಳಾಕತ್ತಿರ್ತೈತಿ, ಒಂದು ಖಾಲಿ ಇರ್ತೈತಿ, ಅದಕ್ಕ ಗೊಬ್ಬರ ಹಾಕಿ ಹಸನ ಮಾಡ್ತಿ. ಚೊಲೊ ವಾರದಾಗ ಒಂದು ಮಡ್ಯಾಗ 12ರಿಂದ 15 ಕಿಲೋ ಬರ್ತೈತಿ, ಮಳಿ ಹೊಡದ್ರ ಆರೇಳು ಕಿಲೋನೂ ಬರಬಹುದು. ಅದಕ್ಕ 10 ಬೇಕಂದ್ರ 10ರ ಲೆಕ್ಕಕ್ಕ ಬಿತ್ತಬ್ಯಾಡ, 13–14ರ ಲೆಕ್ಕಕ್ಕ ಬಿತ್ತು. ಉಳದದ್ದನ್ನ ಎಲ್ಲಿ ಮಾರ್ತಿ ಅನ್ನೋದನ್ನ ಬಿತ್ತೋ ಮೊದಲ ಗೊತ್ತು ಮಾಡಿಕೋ.

ಚಳಿಗಾಲದಾಗ ಮಡಿ ಆರು ಸಾಲಂಗಿಲ್ಲ, ಏಳು ಬೇಕು. ಡಿಸೆಂಬರ್‌ನ್ಯಾಗ ನಾ ಮಡಿ ಹೆಚ್ಚು ಮಾಡಿಕೊಂತೀನಿ. ಜನವರಿ ಕಡೀ ವಾರದಾಗ ಒಂದು ಬಿತ್ತಿಗಿ ಬಿಟ್ಟಬಿಡ್ತೀನಿ, ಯಾಕಂದ್ರ ಮುಂದ ಬಿಸಲಿಗೆ ಎರಡು ಕೂಡಿ ಬರೋದು ಗೊತ್ತಿರ್ತೈತಿ. ಕೊತ್ತಂಬರಿದು ಬ್ಯಾರೆ ಲೆಕ್ಕ, ಅದಕ್ಕ 40–45 ದಿನ ಬೇಕು. ಪಾಲಕ ಒಂದು ಸಲ ಬಿತ್ತಿದ್ರ ತಿಂಗಳಿಗೆ ಮೊದಲ ಕೊಯ್ಲು ಬರ್ತೈತಿ. ಆಮ್ಯಾಲ ಎರಡೆರಡು ವಾರಕ್ಕ ಕೊಯ್ಕೊಂತ ಹೋಗಬಹುದು, ಅದಕ್ಕ ಪ್ರತಿ ವಾರ ಬಿತ್ತೋದು ಬೇಕಾಗಿಲ್ಲ.

ಮಸಾರಿ_ಹುಡುಗ

ಅಕ್ಕಾ, ಇದನ್ನ ಹಾಳಿ ಮ್ಯಾಲ ಬರಕೊಂಡೆ. ನಾ ತಿಂಗಳಿಗೊಮ್ಮೆ ಅರ್ಧ ಗುಂಟೆ ಒಂದ ಸಲ ಬಿತ್ತಾಕತ್ತಿದ್ದೆ. ಬೆಂಡಿಕಾಯಿದು ಹೇಳ್ರಿ. ಎರಡು ಗುಂಟೆ ಐತಿ, ಆದ್ರೂ ಶನಿವಾರ 20 ಕಿಲೋ ಕೂಡಂಗಿಲ್ಲ. ಗುಂಟೆಗೆ ಇಷ್ಟು ಕಿಲೋ ಬರ್ತೈತಿ ಅಂತ ಹೇಳಿದ್ರು, ಅಷ್ಟು ಬರ್ತೈತಿ ಕೂಡ.

ಪಲ್ಲೆ_ಅಕ್ಕ (ಕುರುಗೋಡು)

ಬೆಳಿ ಸರಿ ಐತಿ, ವಾರ ಸರಿ ಇಲ್ಲ. ಬೆಂಡಿಕಾಯಿ ದಿನಾ ಬಿಟ್ಟು ದಿನಾ ಹರೀಬೇಕು. ಎರಡು ದಿನ ಬಿಟ್ಟಿ ಅಂದ್ರ ಬಲ್ತು ನಾರಾಗ್ತೈತಿ, ಮುರುದ್ರ ಟಕ್ ಅನ್ನಂಗಿಲ್ಲ. ಬಲ್ತ ಕಾಯಿ ಗಿಡದಾಗ ಉಳದ್ರ ಹೊಸಾ ಹೂವೂ ಕಡಿಮಿ ಆಗ್ತಾವ. ಅಂದ್ರ ವಾರಕ್ಕ ಮೂರು ನಾಲ್ಕು ಸಲ ಹರೀತಿ, ಬುಟ್ಟಿ ಮಾತ್ರ ಒಂದ. ಎರಡು ಗುಂಟೆದಾಗ ಚೊಲೊ ಬಿಡೋ ಹೊತ್ತಿನ್ಯಾಗ ಒಂದು ಸಲಕ್ಕ 8–10 ಕಿಲೋ ಬರ್ತೈತಿ. ಶುಕ್ರವಾರ ಸಂಜಿಗೆ ಹರದದ್ದು 10 ಕಿಲೋ, ಬುಧವಾರ ಹರದದ್ದು ಶನಿವಾರಕ್ಕ ಬಾಡಿರ್ತೈತಿ. 20 ಎಲ್ಲಿಂದ ತರ್ತಿ?

ನಾ ಮಾಡಿದ್ದು ಏನಂದ್ರ, ಮನಿ ಎರಡು ಪಾಲು ಮಾಡಿದೆ. 20 ಮನಿಗೆ ಬುಧವಾರ, 20 ಮನಿಗೆ ಶನಿವಾರ. ಮಂಗಳವಾರ ಸಂಜಿಗೆ ಹರದದ್ದು ಒಂದು ಪಾಲಿಗೆ, ಶುಕ್ರವಾರ ಸಂಜಿಗೆ ಹರದದ್ದು ಇನ್ನೊಂದು ಪಾಲಿಗೆ. ಹೊಲ ಅಷ್ಟ, ಗಿಡ ಅಷ್ಟ, ಆದ್ರ ಸಾಲಾಕತ್ತಿತು. ನಡುವಿನ ಕೊಯ್ಲು ಸಂತಿಗೆ. ಮೆಂತೆ ಮಡೀನೂ ಅರ್ಧ ಬುಧವಾರ, ಅರ್ಧ ಶನಿವಾರ ಕಿತ್ತರ ಕಟ್ಟು ಎಳೇದ ಇರ್ತಾವ. ಗಾಡಿ ಎರಡು ಸಲ ಹೋಗಬೇಕು, ಆ ಡೀಸೆಲ್ ಖರ್ಚು ಹೆಚ್ಚಾತು ಅಂತ ಮೊದಲು ಮನ್ಯಾಗ ಜಗಳ ಆತು. ಹಾಳಾಗೋ ಮಾಲಿನ ರೊಕ್ಕ ಲೆಕ್ಕ ಹಾಕಿ ತೋರ್ಸಿದ ಮ್ಯಾಲ ಸುಮ್ಮಾದ್ರು.

ಇನ್ನೊಂದು. ಎರಡು ಗುಂಟೇನೂ ಒಂದ ದಿನ ಬಿತ್ತಬ್ಯಾಡ. ಬೆಂಡಿ 45–50 ದಿನಕ್ಕ ಶುರು ಆಗ್ತೈತಿ, ಮೊದಲ ವಾರ ಸ್ವಲ್ಪ, ಮೂರು ನಾಲ್ಕನೇ ವಾರಕ್ಕ ಸಿಕ್ಕಾಪಟ್ಟಿ, ಆಮ್ಯಾಲ ಇಳ್ಕೊಂತ ಹೋಗ್ತೈತಿ. ತಿಂಗಳ ಅಂತರದಾಗ ಒಂದೊಂದು ಗುಂಟೆ ಬಿತ್ತಿದ್ರ ಒಂದು ಇಳಿಯೋ ಹೊತ್ತಿಗೆ ಇನ್ನೊಂದು ಏರ್ತೈತಿ. ಹಿಂಗ ಮಾಡಿದ್ರ ಒಂದ ಸಲಕ್ಕ 10 ಕಿಲೋ ಯಾವಾಗ್ಲೂ ಇರಂಗಿಲ್ಲ, ಆರೇಳು ಇರ್ತೈತಿ. ಹಂಗಾಗಿ ಬೆಂಡಿ ಎಲ್ಲಾ ಬುಟ್ಟಿಗೂ ಪ್ರತಿ ವಾರ ಹಾಕಬ್ಯಾಡ.

ಭಾಗ್ಯನಗರ_ಟೀಚರ್

ನಾನು ಇಂಥದ್ದೇ ಒಂದು ಬುಟ್ಟಿ ತರಿಸುವ ಗಿರಾಕಿ (ಇವರದಲ್ಲ, ಬೇರೆಯವರದು). ಬೆಳೆಯುವವರ ಲೆಕ್ಕ ಓದಿ ಅರ್ಥವಾಯಿತು, ಆದರೆ ನಮ್ಮ ಕಡೆಯಿಂದಲೂ ಒಂದು ಮಾತು. ಸತತ ನಾಲ್ಕು ವಾರ ಮೂಲಂಗಿ ಬಂದರೆ ನಾವು ಏನು ಮಾಡಬೇಕು? ನಮ್ಮ ಮನೆಯಲ್ಲಿ ಮೂಲಂಗಿ ತಿನ್ನುವವಳು ನಾನೊಬ್ಬಳೇ. ಬುಟ್ಟಿ ಬಂದ ದಿನವೇ ಅರ್ಧ ಪಕ್ಕದ ಮನೆಗೆ ಹೋಗುತ್ತದೆ. ಸಂತೆಯಲ್ಲಾದರೆ ನಾನೇ ಆರಿಸಿಕೊಳ್ಳುತ್ತಿದ್ದೆ. ಮುಂಗಡ ಕೊಟ್ಟ ಮೇಲೆ ಆ ಸ್ವಾತಂತ್ರ್ಯ ಹೋಯಿತು. ಇನ್ನು ಮೂರು ತಿಂಗಳ ಮುಂಗಡ ಅಂದರೆ ನಾನಂತೂ ಸೇರುವುದಿಲ್ಲ.

ಪಲ್ಲೆ_ಅಕ್ಕ (ಕುರುಗೋಡು)

ಟೀಚರ್ ಮೇಡಂ, ನೀವು ಹೇಳಿದ್ದು ಸರಿ. ನಮ್ಮಲ್ಲೆ ಪ್ರತಿ ಮನಿಯವರು ಎರಡು ಹೆಸರು ‘ಬ್ಯಾಡ’ ಅಂತ ಬರಸಬಹುದು. ಎರಡ ಮಾತ್ರ. ನಾಲ್ಕು ಬ್ಯಾಡ, ಇದು ಹೆಚ್ಚು, ಅದು ಕಡಿಮಿ ಅಂತ ಶುರು ಆದ್ರ ಬುಟ್ಟಿ ಕಟ್ಟೋ ಹೆಣ್ಣಮಕ್ಕಳಿಗೆ ತಲಿ ಕೆಡ್ತೈತಿ. ಕ್ರೇಟಿಗೆ ಒಂದು ಬಣ್ಣದ ದಾರ ಕಟ್ಟಿರ್ತೀವಿ. ಕೆಂಪು ದಾರ ಅಂದ್ರ ಮೂಲಂಗಿ ಇಲ್ಲ, ಹಸರು ಅಂದ್ರ ಹಾಗಲಕಾಯಿ ಇಲ್ಲ. ಓದಾಕ ಬರದವರಿಗೂ ತಿಳೀತೈತಿ.

ಬಳ್ಳಾರ್ಯಾಗ ಬ್ಯಾಡ ಅನ್ನೋದ್ರಾಗ ಮೂಲಂಗಿ ಮೊದಲ ನಂಬರ್ ಐತಿ ಮೇಡಂ, ನೀವೊಬ್ರ ಅಲ್ಲ. ಅದಕ್ಕ ನಾ ಬಿತ್ತೋ ಹೊತ್ತಿನ್ಯಾಗ ಬ್ಯಾಡ ಅಂದವರನ್ನ ಕಳದು ಬಿತ್ತತೀನಿ.

ತಮ್ಮಾ ಮಸಾರಿ, ನೀ ಗಿರಾಕಿಗೆ ಹೆಸರು ಹೇಳಿ ಮಾತು ಕೊಡಬ್ಯಾಡ. ‘ಮೂರು ತರದ ಕಾಯಿ’ ಅನ್ನು, ‘ಬೆಂಡಿ, ಹೀರಿ, ಬದನಿ’ ಅನ್ನಬ್ಯಾಡ. ಹೊಲದಾಗ ಆರು ತರ ನಡ್ಯಾಕತ್ತಿರಬೇಕು. ಬೆಂಡಿ, ಹೀರಿ, ಬದನಿ, ಚವಳಿ, ಸವತಿ, ಮೂಲಂಗಿ ಇದ್ವು ಅಂದ್ರ ಆ ವಾರ ಯಾವ ಮೂರು ಚೊಲೊ ಅದಾವ ಅವನ್ನ ಹಾಕ್ತಿ. ಒಂದಕ್ಕ ರೋಗ ಬಂತು ಅಂದ್ರೂ ಬುಟ್ಟಿ ನಿಲ್ಲಂಗಿಲ್ಲ. ಬೆಂಡಿ ಎಲಿ ನರ ಹಳದಿ ಆಗೋ ನಂಜುರೋಗ ನಮ್ಮ ಕಡಿ ಬಂದ ಬರ್ತೈತಿ, ಬಿಳಿ ನೊಣ ಹಬ್ಬಸ್ತೈತಿ. ಬಂದ ಗಿಡ ಕಿತ್ತು ಹಾಕೋದ ಆಗ್ತೈತಿ, ಮದ್ದು ಹೊಡದು ಆ ಗಿಡ ಉಳಸಾಕ ಆಗಂಗಿಲ್ಲ.

ರೊಟ್ಟಿ_ಮನಿ (ಸಿಂಧನೂರು)

ನನ್ನದು ಕಾಯಿಪಲ್ಲೆ ಅಲ್ಲ, ಆದ್ರೂ ಕೇಳ್ತೀನಿ. ನಾವು ನಾಲ್ಕು ಮಂದಿ ಕೂಡಿ ತಿಂಗಳ ಡಬ್ಬಿ ಮಾಡ್ಲಿಕತ್ತೀವಿ. ಖಡಕ್ ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಒಂದು ಸಿಹಿ. ರಾಯಚೂರಿಗೆ, ಬೆಂಗಳೂರಿಗೆ ಹೋಗ್ತದ. ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡ್ಸೀವಿ, ನಂಬರ್ ಚೀಟಿ ಮ್ಯಾಲ ಹಾಕ್ತೀವಿ.

ನಿಮಗ ಮಾಲು ನಿಲ್ಲೂದಿಲ್ಲ ಅನ್ನೋ ಚಿಂತಿ, ನಮಗ ನಿಲ್ತದ ಅಂತ ಮೋಸ ಹೋಗೋ ಚಿಂತಿ. ರೊಟ್ಟಿ ಖಡಕ್ ಇದ್ರ ತಿಂಗಳು ಗಟ್ಟಲೆ ಇರ್ತದ ಅಂತ ಎಲ್ಲಾರೂ ತಿಂಗಳ ಕೊನಿಗೆ ಒಂದ ಸಲ ಮಾಡ್ಲಿಕ್ಕೆ ಹೊಂಟೆವು. ಆದ್ರ ಜ್ವಾಳ ಬೀಸಿಟ್ಟು ಭಾಳ ದಿನ ಆದ್ರ ಹಿಟ್ಟಿನ ಜಿಗಿ ಹೋಗ್ತದ, ಬಡಿಯೋ ಹೊತ್ತಿಗೆ ಅಂಚು ಹರೀತಾವ. ಮಳಿಗಾಲದಾಗ ರೊಟ್ಟಿ ಒಣಗಿಸಿದ ಮ್ಯಾಲೂ ಗಾಳಿ ತಗೊಂಡು ಮೆತ್ತಗಾಗ್ತಾವ. ಶೇಂಗಾ ಚಟ್ನಿ ಬ್ಯಾಸಗ್ಯಾಗ ತಿಂಗಳಿಗೆ ಮೊದಲ ಮುಗ್ಗು ವಾಸನಿ ಬರ್ತದ, ಎಣ್ಣಿ ಕೆಡ್ತದ. ಗುರೆಳ್ಳು ಇನ್ನೂ ಲಗೂ ಕೆಡ್ತದ.

ಈಗ ತಿಂಗಳನ್ನ ನಾಲ್ಕು ವಾರ ಮಾಡೀವಿ. ಗಿರಾಕಿಗೆ ಡಬ್ಬಿ ತಿಂಗಳಿಗೊಮ್ಮೆ ಹೋಗ್ತದ, ಆದ್ರ ಪ್ರತಿ ವಾರ ಕಾಲು ಭಾಗ ಗಿರಾಕಿಗೆ ಹೋಗ್ತದ. ಹಿಂಗಾಗಿ ವಾರಕ್ಕ ಬೀಸಿದ್ದು ವಾರಕ್ಕ ಖಾಲಿ, ಬಡಿಯೋರಿಗೂ ಪ್ರತಿ ವಾರ ಅಷ್ಟ ಕೆಲಸ. ಮೊದಲು ತಿಂಗಳ ಕೊನ್ಯಾಗ ರಾತ್ರಿ ಹಗಲು ಬಡೀತಿದ್ರು, ಉಳಿದ ಮೂರು ವಾರ ಕೂಲಿ ಇರ್ತಿರಲಿಲ್ಲ. ಬಿಳಿ ಜ್ವಾಳ ಮಾತ್ರ ಸುಗ್ಗ್ಯಾಗ ಫೆಬ್ರವರಿ ಮಾರ್ಚ್‌ನ್ಯಾಗ ವರ್ಷಕ್ಕಾಗೋವಷ್ಟು ತಗೊಂಡು ಬೇವಿನೆಲಿ ಹಾಕಿ ಇಡ್ತೀವಿ.

ನನ್ನ ಪ್ರಶ್ನೆ: ನಾಗರ ಪಂಚಮಿ ತಿಂಗಳು ಎಲ್ಲಾರೂ ಉಂಡಿ ಕೇಳ್ತಾರ. ತಿಂಗಳ ಡಬ್ಬಿಯೊಳಗ ಅದನ್ನ ಸೇರಿಸ್ಬೇಕೋ, ಬ್ಯಾರೆ ಆರ್ಡರ್ ತಗೋಬೇಕೋ? ಸೇರಿಸಿದ್ರ ನಾಲ್ಕು ಪಾಲು ಮಾಡಿದ್ದು ಕೆಡ್ತದ, ಹಬ್ಬಕ್ಕ ಮೊದಲ ಎಲ್ಲಾರಿಗೂ ಒಂದ ಸಲ ಕೊಡಬೇಕಾಗ್ತದ.

ಲೆಕ್ಕದ_ಪುಸ್ತಕ (ಬಳ್ಳಾರಿ)

ಬೇರೆ ಆರ್ಡರ್ ತಗೊಳ್ಳಿ ಅಕ್ಕ. ಹಬ್ಬಕ್ಕೆ ಹತ್ತು ದಿನ ಮೊದಲು ಆರ್ಡರ್ ತಗೊಳ್ಳುವುದು ನಿಲ್ಲಿಸಿ. ಹಬ್ಬದ ಬೇಡಿಕೆಯನ್ನು ಮಾಮೂಲು ಡಬ್ಬಿಗೆ ಸೇರಿಸಿದರೆ ಮುಂದಿನ ತಿಂಗಳ ಲೆಕ್ಕವೂ ಹಾಳು.

ಪಲ್ಲೆ ಅಕ್ಕನವರ ಚಳಿ–ಬಿಸಿಲಿನ ಮಾತು ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಆದರೆ ಮುಂಗಡದ ವಿಷಯದಲ್ಲಿ ನನ್ನ ವಾದ ಹಾಗೇ ಇದೆ. ಮಸಾರಿಯವರು ಬದನೆ ಸಸಿ ಇವತ್ತು ನಾಟಿ ಮಾಡಿದರೆ ಎರಡು ತಿಂಗಳು ಮೇಲೆ ಕಾಯಿ. ನಾಲ್ಕು ವಾರದ ಮುಂಗಡ ಕೊಟ್ಟ ಗಿರಾಕಿ ಆ ಬದನೆಕಾಯಿ ಬರುವ ಹೊತ್ತಿಗೆ ಇರುತ್ತಾನೆ ಅಂತ ಏನು ಗ್ಯಾರಂಟಿ?

ಪಲ್ಲೆ_ಅಕ್ಕ (ಕುರುಗೋಡು)

ಗ್ಯಾರಂಟಿ ಇಲ್ಲ. ಅದಕ್ಕ ಕಾಯೋ ಪಟ್ಟಿ ಬೇಕು. 40 ಮಂದಿ ಹೊರಗ ಕೂತಾರ ಅಂತ ತಮ್ಮ ಹೇಳಿದನಲ್ಲ, ಅವರನ್ನ ಒಳಗ ತಗೋಬ್ಯಾಡ, ಪಟ್ಟ್ಯಾಗ ಇಡು. ಒಬ್ರು ಬಿಟ್ರ ಒಬ್ರು ಬರ್ತಾರ. ಮೂರು ತಿಂಗಳ ರೊಕ್ಕ ತಗೊಂಡು ಮಳಿಗೆ ಮೂರು ವಾರ ಮಾಲು ಹೋತು ಅಂದ್ರ ಆ ರೊಕ್ಕದ ಜವಾಬ್ದಾರಿ ಯಾರದು? ಬೀಜ, ಗೊಬ್ಬರಕ್ಕ ಆಗ್ಲೇ ಖರ್ಚಾಗಿರ್ತೈತಿ.

ಮಸಾರಿ_ಹುಡುಗ

ಹಂಗಾದ್ರ ಎಷ್ಟು ಮನಿ ಅನ್ನೋದನ್ನ ಹೆಂಗ ಗೊತ್ತು ಮಾಡೋದು ಅಕ್ಕಾ? ಸರಾಸರಿ ತಗದ್ರ ನಮ್ಮ ಹೊಲಕ್ಕ 55 ಬುಟ್ಟಿ ಆಗ್ತಾವ ಅಂತ ನನ್ನ ಲೆಕ್ಕ.

ಮತ್ತ ಇನ್ನೊಂದು ಕಿರಿಕಿರಿ. ಶನಿವಾರ ಮುಂಜಾನೆ ಆರಕ್ಕ ಮೆಸೇಜ್ ಬರ್ತೈತಿ, ‘ಈ ವಾರ ಬ್ಯಾಡ್ರಿ, ಊರಿಗೆ ಹೊಂಟೀವಿ’ ಅಂತ. ಆಗ್ಲೇ ಕಿತ್ತು ಕಟ್ಟಿ ಇಟ್ಟಿರ್ತೀವಿ.

ಪಲ್ಲೆ_ಅಕ್ಕ (ಕುರುಗೋಡು)

ಸರಾಸರಿ ಮಾತು ಬಿಡು. ಸರಾಸರಿ 55 ಅಂದ್ರ ಅರ್ಧ ವಾರಗಳಾಗ 55 ಇರಂಗಿಲ್ಲ. ಹೋದ ಚಳಿಗಾಲದಿಂದ ಬರದಿಟ್ಟಿರೋದು ಐತಲ್ಲ, ಅದನ್ನ ತಗೊಂಡು ಪ್ರತಿ ವಾರ ನಿನ್ನ ಹೊಲದ ಮಾಲಿನಿಂದ ಎಷ್ಟು ಬುಟ್ಟಿ ಪೂರ್ತಿ ತುಂಬತಿದ್ದವು ಅಂತ ಎಣಸು. ಎಲ್ಲಾಕಿಂತ ಕೆಟ್ಟ ವಾರ ಯಾವುದು ನೋಡು. ಅದು 30 ಅಂತ ಬಂತು ಅನ್ನು. ಹಂಗಾದ್ರ ನಿನ್ನ ಮನಿ 35ರಿಂದ 40. ಕೆಟ್ಟ ವಾರದಾಗ ಐದ್ಹತ್ತು ಬುಟ್ಟಿ ಮಾಲು ಹೊರಗಿಂದ ತಂದ್ರೂ ಲುಕ್ಸಾನು ತಡ್ಕೋಬಹುದು. 80 ಮಾಡಿದ್ರ ಆ ವಾರ 50 ಬುಟ್ಟಿ ಮಾರ್ಕೆಟ್ ಮಾಲು ತುಂಬತಿ, ಆಗ ಗಿರಾಕಿ ನಿನ್ನ ಹತ್ರ ಯಾಕ ಬರಬೇಕು? ಚೊಲೊ ವಾರದಾಗ ಹೆಚ್ಚಿಗಿ ಬಂದದ್ದನ್ನ ಕಾಯೋ ಪಟ್ಟಿಯವರಿಗೆ ಒಂದ ಸಲದ ಬುಟ್ಟಿ ಅಂತ ಮಾರು. ಮುಂಗಡ ಇಲ್ಲ, ಮಾತು ಇಲ್ಲ, ರೇಟು 20 ರೂಪಾಯಿ ಹೆಚ್ಚು. ಇದರಾಗ ನನಗ ಸಂತಿಗಿಂತ ಚೊಲೊ ರೊಕ್ಕ ಬರ್ತೈತಿ.

ಬ್ಯಾಡ ಅನ್ನೋದಕ್ಕ ಗಡುವು ಇಡು. ಬುಧವಾರದ ಬುಟ್ಟಿಗೆ ಸೋಮವಾರ ರಾತ್ರಿ 8, ಶನಿವಾರದ ಬುಟ್ಟಿಗೆ ಗುರುವಾರ ರಾತ್ರಿ 8. ಆಮ್ಯಾಲ ಬಂದ ಮೆಸೇಜಿಗೆ ರೊಕ್ಕ ವಾಪಸ್ ಇಲ್ಲ, ಬೇಕಂದ್ರ ಬುಟ್ಟಿ ಪಕ್ಕದ ಮನಿಗೆ ಕೊಡ್ತೀವಿ ಅಂತ ಹೇಳು. ಗಡುವಿನೊಳಗ ಹೇಳಿದ್ರ ಆ ಬುಟ್ಟಿ ಮುಂದಕ್ಕ ಹೋಗ್ತೈತಿ, ಆದ್ರ ಎರಡು ತಿಂಗಳೊಳಗ ತಗೋಬೇಕು. ಇಲ್ಲಂದ್ರ ಎಲ್ಲಾರೂ ಕೂಡಿಟ್ಟ ಬುಟ್ಟಿ ದಸರಾಕ್ಕ ಒಮ್ಮೆಲೇ ಕೇಳ್ತಾರ.

ಕಾರಟಗಿ_ಕಾಕಾ

ಎಲ್ಲಾರೂ ಬೋರ್ ಇದ್ದವರ ಮಾತು ಹೇಳಾಕತ್ತೀರಿ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವಿ, ಎರಿ ಹೊಲ, ಭತ್ತ. ನನ್ನ ಮಗನೂ ಈ ಬುಟ್ಟಿ ಅಂತ ಹಟ ಹಿಡದಾನ. ಎರಿ ಹೊಲಕ್ಕ ಮಳಿ ಬಿದ್ರ ಮೂರು ದಿನ ಕಾಲು ಇಡಾಕ ಬರಂಗಿಲ್ಲ, ಶನಿವಾರ ಬುಟ್ಟಿ ಅಂತ ಮಣ್ಣು ಕೇಳ್ತೈತೇನು? ಇನ್ನ ಎರಡನೇ ಬೆಳಿಗೆ ನೀರು ಬಿಡ್ತಾರೋ ಇಲ್ಲೋ ಅನ್ನೋದು ಸಲಹಾ ಸಮಿತಿ ಸಭಿ ಆಗೂತನ ಗೊತ್ತಿರಂಗಿಲ್ಲ. 2024ರ ಆಗಸ್ಟ್‌ನ್ಯಾಗ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ತುಂಬಿದ ಡ್ಯಾಮು ಎಷ್ಟು ಖಾಲಿ ಆತು ನೋಡಿದ್ರಿ. ಆ ನೀರು ನಂಬಿ ನಾಲ್ಕು ವಾರದ ರೊಕ್ಕ ಮುಂಗಡ ತಗೊಳ್ಳೋದಾ?

ಪಲ್ಲೆ_ಅಕ್ಕ (ಕುರುಗೋಡು)

ಕಾಕಾ, ಕಾಲುವಿ ನೀರಿಗಷ್ಟ ನಂಬಿ ಬುಟ್ಟಿ ಮಾಡಬ್ಯಾಡ ಅಂತ ಮಗಗ ಹೇಳ್ರಿ, ಅದು ಖರೆ. ಎರಿ ಹೊಲದಾಗ ಮಾಡೋರು ಏರು ಮಡಿ ಮಾಡಿ ಕಾಲ್ದಾರಿಗೆ ಭತ್ತದ ಹುಲ್ಲು ಹಾಸ್ತಾರ, ಆದ್ರೂ ಮಳಿಗಾಲದಾಗ ತಪ್ಪಲ ಪಲ್ಲೆ ಕೊಳೀತೈತಿ. ಊರಾಗ ಯಾರದಾದ್ರೂ ಮಸಾರಿ ತುಣುಕು ಸಿಕ್ರ ಹತ್ತು ಗುಂಟೆ ಲಾವಣಿ ಹಿಡದು ಅದರಾಗ ತಪ್ಪಲು ಮಾಡ್ಲಿ.

ಮಸಾರಿ_ಹುಡುಗ

ಬ್ಯಾಸಗಿ ವಿಷಯ ಬಂತಲ್ಲ, ಕೇಳೇಬಿಡ್ತೀನಿ. ಏಪ್ರಿಲ್ ಮೇ ತಿಂಗಳು ನಮ್ಮ ಬೋರಿನ್ಯಾಗೂ ನೀರು ಅರ್ಧ ಆಗ್ತೈತಿ. ಹೋದ ಸಲ ಮೆಂತೆ ಒಂದು ಮಡೀನೂ ಸರಿ ಬರಲಿಲ್ಲ, ಕೊತ್ತಂಬರಿ ಗೇಣುದ್ದ ಆಗೋದ್ರಾಗ ಹೂ ಬಿಟ್ಟಿತು. ಗಂಗಾವತಿ ಕೃಷಿ ವಿಜ್ಞಾನ ಕೇಂದ್ರದವರಿಗೆ ಕೇಳಿದ್ದೆ, ನೆರಳು ಪರದಿ ಹಾಕು ಅಂದ್ರು.

ಪಲ್ಲೆ_ಅಕ್ಕ (ಕುರುಗೋಡು)

ಪರದಿ ಸರಿ, ಅರ್ಧ ನೆರಳಿಂದು ಹಾಕು. ಆದ್ರ ಅದು ಕೊತ್ತಂಬರಿಗೆ ಒಂದೆರಡು ಮಡಿಗಷ್ಟ. ಎಲ್ಲಾದಕ್ಕೂ ಪರದಿ ಹಾಕ್ಕೊಂತ ಹೋದ್ರ ಬುಟ್ಟಿ ರೊಕ್ಕ ಪರದಿಗೇ ಹೋಗ್ತೈತಿ. 40 ಡಿಗ್ರಿ ದಾಟಿದ ಮ್ಯಾಲ ಮೆಂತೆ ಬಿತ್ತೋದು ಬಿಡು. ಪುಂಡಿಪಲ್ಲೆ, ರಾಜಗಿರಿ ಬಿತ್ತು, ಅವು ಬಿಸಲಿಗೆ ಅಂಜಂಗಿಲ್ಲ. ಕಾಯ್ಯಾಗ ಚವಳಿ, ಹೀರಿ. ಇವನ್ನ ಫೆಬ್ರವರಿ ನಡುವಿನ್ಯಾಗ ಹಾಕಿದ್ರ ಏಪ್ರಿಲ್‌ಗೆ ಕಾಯಿ. ಕುಂಬಳಕಾಯಿ ಚಳಿಗಾಲದಾಗ ಬೆಳದು ಬಲ್ತದ್ದನ್ನ ತುಂಬು ಸಮೇತ ಕೊಯ್ದು ಗಾಳಿ ಆಡೋ ನೆರಳಿನ್ಯಾಗ ಇಟ್ರ ಎರಡು ತಿಂಗಳು ಇರ್ತೈತಿ, ಹೋಳು ಮಾಡಿ ಕೊಡು.

ಮತ್ತ ಒಂದು ಅನುಕೂಲ ಐತಿ. ಮೇ ತಿಂಗಳು ಸಾಲಿ ಸೂಟಿ, ಅರ್ಧ ಮನಿ ಊರಿಗೆ ಹೋಗಿರ್ತಾವ. ನಾ ಏಪ್ರಿಲ್, ಮೇ ಎರಡು ತಿಂಗಳು ಬುಟ್ಟಿ ಹದಿನೈದು ದಿನಕ್ಕೊಮ್ಮೆ ಮಾಡ್ತೀನಿ, ಮೊದಲ ಹೇಳಿರ್ತೀನಿ. ಯಾರೂ ಬೇಜಾರ ಮಾಡಿಕೊಂಡಿಲ್ಲ. ಕೊಪ್ಪಳದಾಗ ಇದಕ್ಕ ಉಲ್ಟಾ ಜನವರಿ. ಗವಿಮಠದ ಜಾತ್ರಿ ಹೊತ್ತಿನ್ಯಾಗ ಮನಿ ತುಂಬ ಬೀಗರು, ಎಲ್ಲಾರಿಗೂ ಒಂದೂವರಿ ಬುಟ್ಟಿ ಬೇಕು. ಆ ವಾರಕ್ಕ ಮೆಂತೆ ಬೇಕಂದ್ರ ಡಿಸೆಂಬರ್ ಮೊದಲ ಎರಡು ವಾರದಾಗ ಒಂದೊಂದು ಮಡಿ ಹೆಚ್ಚು ಬಿತ್ತಬೇಕು. ಜಾತ್ರಿ ತಾರೀಕು ಪ್ರತಿ ವರ್ಷ ಸರೀತೈತಿ, ಪಂಚಾಂಗ ನೋಡಿ ಹಿಂದಕ್ಕ ಎಣಸು.

ಭಾಗ್ಯನಗರ_ಟೀಚರ್

ಜಾತ್ರೆಯ ಮಾತು ನಿಜ! ಆ ವಾರ ನಮ್ಮ ಮನೆಗೂ ಒಂದು ಬುಟ್ಟಿ ಎಲ್ಲಿಗೂ ಸಾಲುವುದಿಲ್ಲ.

ಬೆಲೆ ಬಗ್ಗೆ ಯಾರೂ ಹೇಳಲಿಲ್ಲ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿತ್ತಲ್ಲ, ಆಗ ನಮ್ಮವರು ಬುಟ್ಟಿಯಿಂದ ಟೊಮೆಟೊ ತೆಗೆದು ಒಂದು ಕಿಲೋ ಸೌತೆಕಾಯಿ ಹಾಕಿದರು. ಹೇಳದೆ ಹಾಕಿದರು, ಅದು ನನಗೆ ಸಿಟ್ಟು ತರಿಸಿತು. ಟೊಮೆಟೊ ಬಿದ್ದುಹೋಗಿ ಕಿಲೋಗೆ ಐದು ರೂಪಾಯಿ ಆದಾಗ ಬುಟ್ಟಿಯ ಬೆಲೆ ಇಳಿಸಿದ್ದು ನೆನಪಿಲ್ಲ.

ಮಸಾರಿ_ಹುಡುಗ

ಮೇಡಂ, ಬೆಳೆಯೋರ ಕಡಿಯಿಂದ ಹೇಳ್ತೀನಿ. ಆ ಐದು ರೂಪಾಯಿ ಹೊತ್ತಿನ್ಯಾಗ ಟಮಾಟಿ ಬೆಳದವರು ಹರಿಯೋ ಕೂಲೀನೂ ಹುಟ್ಟದ ಹೊಲದಾಗ ಬಿಡ್ತಾರ. ಬುಟ್ಟಿಯವರು ವರ್ಷಪೂರ್ತಿ ಒಂದ ರೇಟು ಕೊಡ್ತಾರ ಅನ್ನೋದ ನಮಗ ಧೈರ್ಯ. ಆದ್ರ ಹೇಳದ ಬದಲಿ ಮಾಡೋದು ತಪ್ಪು, ಒಪ್ಪತೀನಿ.

ನನ್ನ ಖರೆ ತೊಂದ್ರಿ ಪಕ್ಕದ ಹೊಲದವರದ್ದು. ಟಮಾಟಿ, ಹಸಿಮೆಣಸಿನಕಾಯಿ ನಾ ಬೆಳ್ಯಂಗಿಲ್ಲ, ಇಬ್ರು ನೆರೆಯವರ ಹತ್ರ ತಗೊಂತೀನಿ. ಕಿಲೋ 20ರಂಗ ವರ್ಷಪೂರ್ತಿ ಅಂತ ಮಾತು. ಮಾರ್ಕೆಟ್ಟಿನ್ಯಾಗ 10 ಇದ್ದಾಗ ನನಗ ಕೊಡ್ತಾರ, 60 ಆದಾಗ ನನಗ ಹೇಳದ ದಲ್ಲಾಳಿ ಅಂಗಡಿಗೆ ಹಾಕ್ತಾರ. ಜಗಳ ಮಾಡಾಕ ಆಗಂಗಿಲ್ಲ, ಬೋರಿನ ಕರೆಂಟ್ ಲೈನು ಅವರ ಹೊಲದಿಂದ ಬರ್ತೈತಿ 😅

ಲೆಕ್ಕದ_ಪುಸ್ತಕ (ಬಳ್ಳಾರಿ)

ಬಾಂಡ್ ಪೇಪರ್ ಮೇಲೆ ಬರೆಸಿಕೊಳ್ಳಿ.

ಕಾರಟಗಿ_ಕಾಕಾ

ಬಾಂಡ್ ಬರಸಿ ಏನ್ ಮಾಡ್ತೀರಿ? ನೆರೆಯವನ ಮ್ಯಾಲ ಕೋರ್ಟಿಗೆ ಹೋಗ್ತೀರಾ, ಎರಡು ಕಿಲೋ ಮೆಣಸಿನಕಾಯಿಗೆ? ಆ ಲೈನು ಕಡದ್ರ ಬುಟ್ಟಿನೂ ಇಲ್ಲ, ಬದನಿಕಾಯೂ ಇಲ್ಲ.

ಪಲ್ಲೆ_ಅಕ್ಕ (ಕುರುಗೋಡು)

ನಾ ಎರಡು ದಾರಿ ನೋಡೀನಿ. ಒಂದು, ತಳದ ರೇಟು ಕಟ್ಟೋದು. ಮಾರ್ಕೆಟ್ಟಿನ್ಯಾಗ ಎಷ್ಟ ಇಳೀಲಿ ಕಿಲೋಗೆ 15ಕ್ಕ ಕಡಿಮಿ ಇಲ್ಲ, ಏರಿದ್ರ ಆ ದಿನದ ರೇಟಿನ ಅರ್ಧ ಏರಿಕಿ ನಾ ಕೊಡ್ತೀನಿ. ಇದರಾಗ ಕೆಲವರು ನಿಂತಾರ, ಕೆಲವರು 60 ಅಂದ ಕೂಡ್ಲೆ ಓಡಿ ಹೋಗ್ಯಾರ. ಇನ್ನೊಂದು, ಅವರ ಬೆಳಿ ಪೂರ್ತಿ ಕೇಳೋದು ಬಿಟ್ಟು ನಿನಗ ಬೇಕಾದ ಸಾಲು ಮಾತ್ರ ಹಿಡಿಯೋದು. ಬೀಜ ನಿಂದು, ಗೊಬ್ಬರ ನಿಂದು, ನೀರು ಮತ್ತ ಆಳು ಅವರದು. ಆ ನಾಲ್ಕು ಸಾಲಿನ ಟಮಾಟಿ ನಿಂದ, ಉಳಿದದ್ದು ಅವರು ಎಲ್ಲಿಗಾದ್ರೂ ಹಾಕ್ಲಿ. ಎರಡನೇದು ನನಗ ಹೆಚ್ಚು ಕೈ ಹತ್ತೈತಿ, ಆದ್ರ ಒಂದು ಸೀಜನ್‌ದಾಗ ಟಮಾಟಿಗೆ ಅಂಗಮಾರಿ ಬಂದಾಗ ಲುಕ್ಸಾನು ಪೂರ್ತಿ ನನ್ನ ಮ್ಯಾಲ ಬಿತ್ತು.

ರೊಟ್ಟಿ_ಮನಿ (ಸಿಂಧನೂರು)

ಮಾರ್ಕೆಟ್ಟಿಂದ ತಂದದ್ದು ಯಾವುದು, ನಿಮ್ಮ ಹೊಲದ್ದು ಯಾವುದು ಅಂತ ಚೀಟಿ ಹಾಕ್ತೀರಾ? ನಾವು ಶೇಂಗಾ ಎಲ್ಲಿಂದ ತಂದೆವು ಅಂತ ಬರೀತೀವಿ.

ಪಲ್ಲೆ_ಅಕ್ಕ (ಕುರುಗೋಡು)

ಬರೀತೀನಿ. ಉಳ್ಳಾಗಡ್ಡಿ, ಆಲೂಗಡ್ಡಿ ಯಾವಾಗ್ಲೂ ಮಾರ್ಕೆಟ್ಟಿಂದ, ಅದು ಎಲ್ಲಾರಿಗೂ ಗೊತ್ತು. ಉಳಿದದ್ದು ತಂದಿದ್ರ ಆ ವಾರದ ಮೆಸೇಜಿನ್ಯಾಗ ಹೇಳ್ತೀನಿ. ಹೇಳಿದ ಮ್ಯಾಲ ಒಂದಿಬ್ರು ಬಿಟ್ಟು ಹೋಗ್ಯಾರ, ಹೋಗ್ಲಿ.

ಮಸಾರಿ_ಹುಡುಗ

ಅಕ್ಕಾ, ರಾತ್ರಿ ಕೂತು ವಾರದ ಲೆಕ್ಕ ತಗದು ನೋಡಿದೆ. ಕೆಟ್ಟ ವಾರ 26 ಬುಟ್ಟಿ. ಹಂಗಾಗಿ 40 ಅನ್ನೋದ ಹೆಚ್ಚಾಗಿತ್ತು. ಈಗಿದ್ದವರಿಗೆ ಬಿಡ್ರಿ ಅನ್ನಾಕ ಆಗಂಗಿಲ್ಲ, ಹೊಸಬ್ರನ್ನ ಕಾಯೋ ಪಟ್ಟ್ಯಾಗ ಇಡ್ತೀನಿ. ಶ್ರಾವಣದಿಂದ ಬುಧವಾರ, ಶನಿವಾರ 20–20 ಮಾಡ್ತೀನಿ. ಮೆಂತೆಗೆ ಗುಂಟೆ ಬಿಟ್ಟು ಮಡಿ ಹಾಕಾಕ ಇವತ್ತ ಆಳು ಹಚ್ಚೀನಿ. ಭಾಗ್ಯನಗರದ ಮಂದಿ ಶನಿವಾರನ ಬೇಕು, ಬುಧವಾರ ಮನ್ಯಾಗ ಯಾರೂ ಇರಂಗಿಲ್ಲ ಅನ್ನಾಕತ್ತಾರ. ಅದಕ್ಕ ಏನ್ ಮಾಡೋದು?

ಭಾಗ್ಯನಗರ_ಟೀಚರ್

ನೌಕರಿಯವರಿಗೆ ಬುಧವಾರ ಬೆಳಿಗ್ಗೆ ಏಳಕ್ಕೆ ಮೊದಲು ತಂದರೆ ಆಗುತ್ತದೆ. ಎಂಟಕ್ಕೆ ಬೀಗ ಹಾಕಿರುತ್ತೇವೆ, ಬಾಗಿಲ ಮುಂದಿಟ್ಟರೆ ಸಂಜೆಗೆ ಸೊಪ್ಪು ಒಣಗಿರುತ್ತದೆ, ಅಷ್ಟರೊಳಗೆ ಬೀದಿಯ ಆಕಳು ತಿನ್ನದೆ ಉಳಿದಿದ್ದರೆ. ಮನೆಯಲ್ಲಿ ಅತ್ತೆ, ಮಾವ ಇರುವವರನ್ನು ಬುಧವಾರಕ್ಕೆ ಹಾಕಿ.

ಪಲ್ಲೆ_ಅಕ್ಕ (ಕುರುಗೋಡು)

ಹೌದು, ಯಾರಿಗೆ ಯಾವ ದಿನ ಅಂತ ಮೊದಲು ಅವರನ್ನ ಕೇಳು. ಬುಧವಾರಕ್ಕ 12 ಮಂದಿನ ಸಿಕ್ರೂ ಶುರು ಮಾಡು, ಆವತ್ತು ಉಳಿದ ಬೆಂಡಿ ಸಂತಿಗೆ ಹೋಗ್ಲಿ.